ಆ್ಯಕ್ಟಿವ್ ಕಡಿಮೆ ಬಂದರೆ ಆಲ್ಕಲಿನಿಟಿಯನ್ನೂ ನೋಡಿ

ನಾನು ಬೆಳಗಾವಿಯ ಉದ್ಯಮಬಾಗ್ ಕಡೆ ಒಂದು ಸಣ್ಣ ಡಿಟರ್ಜೆಂಟ್ ಪೌಡರ್ ಘಟಕದಲ್ಲಿ ಲ್ಯಾಬ್ ನೋಡಿಕೊಳ್ಳುತ್ತೇನೆ. ಲ್ಯಾಬ್ ಅಂದರೆ ಎರಡು ಬ್ಯೂರೆಟ್, ಒಂದು ತಕ್ಕಡಿ, ಒಂದು ಎಕ್ಸಾಸ್ಟ್ ಫ್ಯಾನ್. ಪ್ರತಿ ಬ್ಯಾಚ್‌ಗೂ ನಾವು ನೋಡುವುದು ಎರಡೇ ಅಂಕಿ: ಆ್ಯಕ್ಟಿವ್ ಮ್ಯಾಟರ್ ಮತ್ತು ಆಲ್ಕಲಿನಿಟಿ. ಬಹಳ ಕಡೆ ಇವನ್ನು ಬೇರೆ ಬೇರೆ ಬರೆದು ಬೇರೆ ಬೇರೆಯಾಗಿಯೇ ನೋಡುತ್ತಾರೆ. ಅಕ್ಕಪಕ್ಕ ಇಟ್ಟು ಓದಿದರೆ ತಪ್ಪು ಎಲ್ಲಾಗಿದೆ ಅನ್ನೋದೂ ತಿಳಿಯುತ್ತದೆ. ಡಿಸೆಂಬರ್‌ನ ಒಂದು ಬ್ಯಾಚ್ ತೆಗೆದುಕೊಂಡು ಅದನ್ನೇ ಹೇಳುತ್ತೇನೆ.

ಮೊದಲು ಲೆಕ್ಕ. ನಮ್ಮ 100 ಕೆಜಿ ಬ್ಯಾಚ್‌ಗೆ 40 ಕೆಜಿ ಸೋಡಾ ಆ್ಯಶ್, 90 ಪರ್ಸೆಂಟ್‌ನ ಆ್ಯಸಿಡ್ ಸ್ಲರಿ 15.6 ಕೆಜಿ, ಉಳಿದದ್ದು ಸೋಡಿಯಂ ಸಲ್ಫೇಟ್, ಉಪ್ಪು, ಸ್ವಲ್ಪ ಬಣ್ಣ, ಸೆಂಟ್. ಸ್ಲರಿ ಸೋಡಾ ಜೊತೆ ಸೇರಿ ಅದರ ಸೋಡಿಯಂ ಲವಣ ಆಗುತ್ತದೆ, ಬಟ್ಟೆ ಒಗೆಯುವ ಆ್ಯಕ್ಟಿವ್ ಅಂದರೆ ಅದೇ. ಲೆಕ್ಕದ ಪ್ರಕಾರ ಅದು 15 ಪರ್ಸೆಂಟ್ ಬರಬೇಕು. ಸ್ಲರಿ ತನ್ನ ಪಾಲಿಗೆ ಸುಮಾರು 2.3 ಕೆಜಿ ಸೋಡಾ ತಿನ್ನುತ್ತದೆ, ಹಾಗಾಗಿ ಉಳಿಯುವ ಆಲ್ಕಲಿನಿಟಿ ಸೋಡಿಯಂ ಕಾರ್ಬೊನೇಟ್ ಲೆಕ್ಕದಲ್ಲಿ 37.7 ಪರ್ಸೆಂಟ್ ಹತ್ತಿರ ಇರಬೇಕು. ಈ ಎರಡು ಅಂಕಿ ನಮ್ಮ ಗೋಡೆಯ ಮೇಲೆ ಬರೆದಿಟ್ಟಿದ್ದೇವೆ.

ಆ್ಯಕ್ಟಿವ್‌ಗೆ ನಾವು ಮಾಡುವುದು ಎರಡು ಪದರದ ಟೈಟ್ರೇಷನ್. 7 ಗ್ರಾಂ ಪೌಡರ್ ನೀರಲ್ಲಿ ಕರಗಿಸಿ, ಫಿನಾಲ್ಫ್ತಲೀನ್ ಹಾಕಿ, ಆ ಗುಲಾಬಿ ಬಣ್ಣ ಹೋಗುವ ತನಕ ತೆಳು ಸಲ್ಫ್ಯೂರಿಕ್ ಆ್ಯಸಿಡ್ ಹಾಕಿ, ಆಮೇಲೆ 1 ಲೀಟರ್‌ಗೆ ತುಂಬಿಸುತ್ತೇವೆ. ಈ ಆ್ಯಸಿಡ್ ಹೆಜ್ಜೆಯನ್ನು ಕೆಲವರು ಬಿಟ್ಟುಬಿಡುತ್ತಾರೆ. ಬಿಡಬಾರದು. ಟೈಟ್ರೇಷನ್ ಆಮ್ಲೀಯವಾಗಿಯೇ ನಡೆಯಬೇಕು, ಇಂಡಿಕೇಟರ್‌ನಲ್ಲಿ ಅದಕ್ಕೆ ಬೇಕಾದ ಆ್ಯಸಿಡ್ ಇರುತ್ತದೆ, ಆದರೆ ನಮ್ಮಂಥ ಸೋಡಾ ಜಾಸ್ತಿ ಇರುವ ಪೌಡರ್ ಅದರಲ್ಲಿ ಬಹುಪಾಲನ್ನು ನುಂಗಿಬಿಡುತ್ತದೆ. ತುಂಬಿಸುವಾಗ ನೊರೆ ಕಾಟ ಕೊಡುತ್ತದೆ, ನೀರನ್ನು ಫ್ಲಾಸ್ಕ್ ಗೋಡೆಗುಂಟ ನಿಧಾನ ಬಿಟ್ಟು, ನೊರೆ ಇಳಿದ ಮೇಲೆಯೇ ಗುರುತು ನೋಡಬೇಕು.

ಅದರಿಂದ 25 ಮಿಲಿ ತೆಗೆದು ಮುಚ್ಚಳದ ಸಿಲಿಂಡರ್‌ಗೆ ಹಾಕಿ, 10 ಮಿಲಿ ನೀರು, 15 ಮಿಲಿ ಕ್ಲೋರೋಫಾರ್ಮ್, 10 ಮಿಲಿ ಮಿಕ್ಸ್ಡ್ ಇಂಡಿಕೇಟರ್ ಸೇರಿಸಿ, 0.004 ಮೋಲಾರ್ ಹಯಮಿನ್ ಬಿಡುತ್ತಾ ಹೋಗುತ್ತೇವೆ. ಪ್ರತಿ ಸಲ ಬಿಟ್ಟಾಗಲೂ ಮುಚ್ಚಿ ಜೋರಾಗಿ ಕುಲುಕಬೇಕು, ಪದರ ಬೇರೆಯಾಗಲು ಬಿಡಬೇಕು. ಕೆಳಗಿನ ಕ್ಲೋರೋಫಾರ್ಮ್ ಗುಲಾಬಿ ಇರುತ್ತದೆ. ಗುಲಾಬಿ ಪೂರ್ತಿ ಹೋಗಿ ಬೂದು-ನೀಲಿ ಆದಾಗ ನಿಲ್ಲಿಸಬೇಕು, ಅಚ್ಚ ನೀಲಿ ಬಂತು ಅಂದರೆ ಮುಂದೆ ಹೋಗಿದ್ದೀರಿ. ಹತ್ತಿರ ಬಂದದ್ದು ಬಣ್ಣಕ್ಕಿಂತ ಮೊದಲೇ ತಿಳಿಯುತ್ತದೆ. ಶುರುವಿನಲ್ಲಿ ಪದರಗಳು ಕಲಸಿಕೊಂಡು ಬೇರೆಯಾಗಲು ಒಲ್ಲೆ ಅನ್ನುತ್ತವೆ, ಎಂಡ್ ಪಾಯಿಂಟ್ ಹತ್ತಿರ ಬಂದಂತೆ ಬೇಗ ಬೇಗ ಬೇರೆಯಾಗುತ್ತವೆ. ಅಲ್ಲಿಂದ ಮುಂದೆ ಹನಿ ಹನಿ. ಫ್ಯಾನ್ ಹಾಕಿಯೇ ಮಾಡಿ, ಕ್ಲೋರೋಫಾರ್ಮ್ ಆವಿ ಒಳ್ಳೆಯದಲ್ಲ.

```
ಆ್ಯಕ್ಟಿವ್ % = ಮಿಲಿ × 5.568 / ಗ್ರಾಂ
```

ಇದು ಆ್ಯಕ್ಟಿವ್‌ನ ಅಣುತೂಕ 348 ಅಂತ ಹಿಡಿದ ಲೆಕ್ಕ. 15 ಪರ್ಸೆಂಟ್ ಇದ್ದರೆ ಸುಮಾರು 18.9 ಮಿಲಿ ಖರ್ಚಾಗಬೇಕು.

ಆ ದಿನ ಖರ್ಚಾದದ್ದು 17.3 ಮಿಲಿ. ಅಂದರೆ 13.8 ಪರ್ಸೆಂಟ್.

ಮಾಲೀಕರು ತಕ್ಷಣ, "ಸ್ಲರಿನೇ ಸರಿ ಇಲ್ರೀ, ಡ್ರಮ್ ವಾಪಸ್ ಕಳಿಸ್ರಿ" ಅಂದರು. ಅವರು ಹಾಗೆ ಅಂದದ್ದು ಸಹಜ. ಆದರೆ ಆ್ಯಕ್ಟಿವ್ ಕಡಿಮೆ ಬರಲು ಸ್ಲರಿಯ ಗುಣ ಒಂದೇ ಕಾರಣ ಅಲ್ಲ. ಪೌಡರ್ ನೀರು ಹಿಡಿದಿರಬಹುದು. ಸ್ಲರಿಯೇ ಕಡಿಮೆ ಬಿದ್ದಿರಬಹುದು. ಸ್ಯಾಂಪಲ್ ತೆಗೆದದ್ದೇ ತಪ್ಪಿರಬಹುದು, ಯಾಕೆಂದರೆ ಸಣ್ಣ ಪುಡಿ ಕೆಳಗೆ ಇಳಿದು ದಪ್ಪ ಹರಳು ಮೇಲೆ ನಿಲ್ಲುತ್ತದೆ, ಒಂದೇ ಕಡೆಯಿಂದ ಚಮಚ ತುಂಬಿಸಿದರೆ ಬ್ಯಾಚ್‌ನ ಅಂಕಿ ಸಿಗುವುದೇ ಇಲ್ಲ. ಹಾಗಾಗಿ ಬೇರೆ ಬೇರೆ ಜಾಗದಿಂದ ಎರಡು ಕೆಜಿಯಷ್ಟು ತೆಗೆದು, ಗುಡ್ಡೆ ಮಾಡಿ, ನಾಲ್ಕು ಭಾಗ ಮಾಡಿ, ಎದುರುಬದುರಿನ ಎರಡು ಭಾಗ ಇಟ್ಟುಕೊಂಡು ಮತ್ತೆ ಕಲಸಿ, ಹೀಗೆ ಮಾಡುತ್ತಾ ಲ್ಯಾಬ್‌ಗೆ ಬೇಕಾದಷ್ಟಕ್ಕೆ ಇಳಿಸಿದೆವು. ಅದೂ 13.8 ಹತ್ತಿರವೇ ಬಂತು.

ಈಗ ಆಲ್ಕಲಿನಿಟಿ. 2 ಗ್ರಾಂ ಪೌಡರ್, 100 ಮಿಲಿ ನೀರು, ಮೀಥೈಲ್ ಆರೆಂಜ್, 0.5 ನಾರ್ಮಲ್ ಹೈಡ್ರೋಕ್ಲೋರಿಕ್ ಆ್ಯಸಿಡ್. ಹಳದಿ ಹೋಗಿ ಕಿತ್ತಳೆ ಬಣ್ಣ ಬಂದು ನಿಲ್ಲಬೇಕು. ಫಿನಾಲ್ಫ್ತಲೀನ್‌ನಿಂದ ಮಾತ್ರ ನೋಡಿದರೆ ಇಲ್ಲಿ ಸಾಲದು, ಅದು ಕಾರ್ಬೊನೇಟ್‌ನ ಅರ್ಧವನ್ನಷ್ಟೇ ಎಣಿಸುತ್ತದೆ, ಸ್ಲರಿ ಜೊತೆ ಸೇರಿ ಆದ ಬೈಕಾರ್ಬೊನೇಟನ್ನು ಎಣಿಸುವುದೇ ಇಲ್ಲ.

```
ಆಲ್ಕಲಿನಿಟಿ % = ಮಿಲಿ × 0.5 × 5.3 / ಗ್ರಾಂ
```

ಇನ್ನೊಂದು ಮಾತು: ನಿಮ್ಮ ಪೌಡರ್‌ನಲ್ಲಿ ಡೋಲೋಮೈಟ್ ಇದ್ದರೆ ಮೊದಲು ಸೋಸಿ, ಕಾಗದವನ್ನು ತೊಳೆದು, ಆ ನೀರನ್ನೇ ಟೈಟ್ರೇಟ್ ಮಾಡಿ. ಇಲ್ಲದಿದ್ದರೆ ಕಲ್ಲಿನ ಪುಡಿ ನಿಧಾನ ಕರಗುತ್ತಾ ಆ್ಯಸಿಡ್ ತಿನ್ನುತ್ತಿರುತ್ತದೆ. ಕಿತ್ತಳೆ ಬಂತು ಅನ್ನುವಷ್ಟರಲ್ಲಿ ಮತ್ತೆ ಹಳದಿ, ಇನ್ನೊಂದು ಹನಿ, ಮತ್ತೆ ಹಳದಿ. ಹಾಗೆ ಬಣ್ಣ ಹಿಂದೆ ಹೋಗುತ್ತಿದ್ದರೆ ಅದು ನಿಜವಾದ ಸೋಡಾ ಅಲ್ಲ, ಫಿಲ್ಲರ್. ನಮ್ಮ ಈ ಬ್ಯಾಚ್‌ನಲ್ಲಿ ಡೋಲೋಮೈಟ್ ಇರಲಿಲ್ಲ.

ಸರಿಯಾದ ಬ್ಯಾಚ್‌ಗೆ 28.4, 28.5 ಮಿಲಿ ಬೇಕು. ಇಲ್ಲಿ 29.1 ಮಿಲಿ ಹೋಯಿತು, ಅಂದರೆ 38.6 ಪರ್ಸೆಂಟ್. ಜಾಸ್ತಿ!

ಈಗ ಯೋಚನೆ ಮಾಡಿ. ನೀರು ಹಿಡಿದಿದ್ದರೆ ಎರಡೂ ಒಟ್ಟಿಗೆ ಇಳಿಯಬೇಕಿತ್ತು, ಆ್ಯಕ್ಟಿವ್ 13.8ಕ್ಕೆ ಬರುವಷ್ಟು ನೀರಿದ್ದರೆ ಆಲ್ಕಲಿನಿಟಿ 35ಕ್ಕಿಂತ ಕೆಳಗೆ ಹೋಗಿರುತ್ತಿತ್ತು. ಹಾಗಾಗಿ ನೀರಲ್ಲ. ಸ್ಲರಿ ತೂಕ ಸರಿ ಇದ್ದು ಗುಣ ಮಾತ್ರ ಕಡಿಮೆ ಇದ್ದರೆ, ತಿನ್ನದೆ ಉಳಿದ ಸೋಡಾ ಬಹಳ ಸ್ವಲ್ಪ, ಆಲ್ಕಲಿನಿಟಿ 37.9ಕ್ಕೆ ನಿಲ್ಲಬೇಕಿತ್ತು. ಸ್ಲರಿಯಲ್ಲಿ ಸಲ್ಫ್ಯೂರಿಕ್ ಆ್ಯಸಿಡ್ ಜಾಸ್ತಿ ಇದ್ದಿದ್ದರೆ ಇನ್ನೂ ಕೆಳಗೆ. 38.6 ಬರಬೇಕಾದರೆ ಬ್ಯಾಚ್‌ನ ಒಟ್ಟು ತೂಕವೇ ಕಡಿಮೆ ಇರಬೇಕು, ಅಂದರೆ ಸುಮಾರು ಒಂದೂವರೆ ಕೆಜಿ ಸ್ಲರಿ ಮಿಕ್ಸರ್‌ಗೆ ಬಿದ್ದೇ ಇಲ್ಲ. ಸ್ಲರಿಯ ಗುಣ ಕಡಿಮೆ, ಸ್ಲರಿಯ ತೂಕ ಕಡಿಮೆ ಅನ್ನುವ ಎರಡು ಸಾಧ್ಯತೆಗಳ ನಡುವೆ ಇರುವುದು ಅರ್ಧ ಮಿಲಿ ಅಂತರ, ಹಾಗಾಗಿ ಈ ಟೈಟ್ರೇಷನ್‌ನ್ನು ಜೋಡಿಯಾಗಿ ಮಾಡಿ, ಎರಡೂ 0.1 ಮಿಲಿ ಒಳಗೆ ಹೊಂದಿದರೆ ಮಾತ್ರ ನಾನು ಮಾತಾಡುತ್ತೇನೆ.

ಡ್ರಮ್‌ನ ಸ್ಲರಿಯನ್ನೂ ನೋಡಿದೆವು. 1.2 ಗ್ರಾಂ ಒಂದು ಲೀಟರ್‌ಗೆ, ಅದೇ ಹಯಮಿನ್, ಇಲ್ಲಿ ಅಣುತೂಕ 326. ಖರ್ಚು 20.7 ಮಿಲಿ, 90 ಪರ್ಸೆಂಟ್. ಸ್ಲರಿ ಚೆನ್ನಾಗಿತ್ತು.

ಮಿಕ್ಸರ್ ನೋಡಿಕೊಳ್ಳುವವರನ್ನು ಕೇಳಿದಾಗ, "ತೂಕ ಮಾಡೇ ಹಾಕೀನ್ರಿ ಸರ್" ಅಂದರು. ಅವರು ಹೇಳಿದ್ದು ನಿಜ. ಮೂರು ಬಕೆಟ್ ತುಂಬಿ ತೂಕ ಮಾಡಿಯೇ ಸುರಿದಿದ್ದರು. ಆದರೆ ಬೆಳಗಾವಿಯ ಚಳಿಗೆ ಬೆಳಗಿನ ಹೊತ್ತು ಸ್ಲರಿ ಕಾಕಂಬಿಯಂತೆ ದಪ್ಪ ಆಗಿರುತ್ತದೆ, ಬಕೆಟ್ ಬಗ್ಗಿಸಿ ಎತ್ತಿಟ್ಟರೆ ಗೋಡೆಗೆ ಅಂಟಿದ್ದು ಅಲ್ಲೇ ಉಳಿಯುತ್ತದೆ. ಸುರಿದ ಬಕೆಟ್‌ಗಳನ್ನು ತಕ್ಕಡಿ ಮೇಲೆ ಇಟ್ಟೆವು. ಒಂದೊಂದರಲ್ಲೂ ಹೆಚ್ಚುಕಡಿಮೆ ಅರ್ಧ ಕೆಜಿ ಇತ್ತು.

ಆ ಒಂದೂವರೆ ಕೆಜಿಯನ್ನು ಬ್ಯಾಚ್‌ಗೆ ಸೇರಿಸಿ, ಗಂಟು ಉಳಿಯದಂತೆ ಕಲಸಿ, ಜರಡಿ ಹಿಡಿದು, ಮಾರನೇ ದಿನ ನೋಡಿದರೆ ಆ್ಯಕ್ಟಿವ್ 18.8 ಮಿಲಿ, ಆಲ್ಕಲಿನಿಟಿ 28.5 ಮಿಲಿ. ಈಗ ಚಳಿಗಾಲದಲ್ಲಿ ಬಕೆಟ್‌ನ್ನು ಸುರಿಯುವ ಮೊದಲೂ ಸುರಿದ ಮೇಲೂ ತೂಗುತ್ತೇವೆ, ಆ ವ್ಯತ್ಯಾಸವನ್ನೇ ರಿಜಿಸ್ಟರ್‌ನಲ್ಲಿ ಬರೆಯುತ್ತೇವೆ.

ಈ ಲೆಕ್ಕ ನಡೆಯುವುದು ಫಾರ್ಮುಲಾ ಗೊತ್ತಿರುವ ನಿಮ್ಮ ಸ್ವಂತ ಪೌಡರ್‌ಗೆ ಮಾತ್ರ. ಪೇಟೆಯಿಂದ ತಂದ ಬೇರೆಯವರ ಪ್ಯಾಕೆಟ್‌ಗೆ ಹಚ್ಚಬೇಡಿ. ಅದರಲ್ಲಿ ಸಿಲಿಕೇಟ್, ಫಾಸ್ಫೇಟ್, ಸೋಪು ಏನೇ ಇದ್ದರೂ ಮೀಥೈಲ್ ಆರೆಂಜ್ ಎಲ್ಲವನ್ನೂ ಆಲ್ಕಲಿನಿಟಿ ಅಂತಲೇ ಎಣಿಸುತ್ತದೆ, ಅದರಲ್ಲಿ ಸೋಡಾ ಎಷ್ಟು ಅಂತ ಈ ಅಂಕಿಯಿಂದ ಹೇಳಲು ಬರುವುದಿಲ್ಲ.