ಐವತ್ತು ಸೆಂಟಿಮೀಟರ್ ಸಲಾಕೆ ಮತ್ತು ಎರಡು ಅಸರ್ ಬಾಂಗು

ನಮ್ಮ ಓಣಿಯ ತುದಿಯ ಮನೆಯಲ್ಲಿರುವ ಮಾಷ್ಟ್ರು ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾದವರು, ನನಗೂ ಎರಡು ವರ್ಷ ಪಾಠ ಹೇಳಿದವರು. ಏಪ್ರಿಲ್ ಕೊನೆಯ ವಾರದ ಒಂದು ಬೆಳಿಗ್ಗೆ ಗೇಟಿನ ಹತ್ತಿರ ನನ್ನನ್ನು ನಿಲ್ಲಿಸಿ ಕೇಳಿದರು: “ಅಲ್ಲ ಮಾರಾಯ, ನಿಮ್ಮ ಪಳ್ಳಿಯಲ್ಲಿ ಮೂರೂವರೆ ಕಳೆದ ಕೂಡಲೇ ಬಾಂಗು ಆಗುತ್ತದೆ. ಪೇಟೆ ಕಡೆಯ ಮಸೀದಿಯಲ್ಲಿ ಅದೇ ಬಾಂಗು ಐದು ಗಂಟೆಗೆ. ಇಬ್ಬರಲ್ಲಿ ಯಾರ ಗಡಿಯಾರ ಸರಿ?”

ಎರಡೂ ಸರಿ ಎಂದೆ. ಆದರೆ ವಿಜ್ಞಾನದ ಮಾಷ್ಟ್ರಿಗೆ ಅಷ್ಟು ಉತ್ತರ ಸಾಲುವುದಿಲ್ಲವೆಂಬುದು ನನಗೆ ಗೊತ್ತಿತ್ತು. ನಮಾಜಿನ ಸಮಯಗಳು ಮೂಲದಲ್ಲಿ ಗಡಿಯಾರದವಲ್ಲ, ಸೂರ್ಯನವು. ಮಧ್ಯಾಹ್ನದ್ದನ್ನೂ ಸಂಜೆಗೆ ಮುಂಚಿನದ್ದನ್ನೂ ನೆರಳಿನಿಂದಲೇ ಅಳೆಯಬಹುದು ಎಂದಾಗ ಅವರ ಮುಖ ಅರಳಿತು. ಒಳಗೆ ಹೋಗಿ ಅಡಿಕೆ ಮರದ ಒಂದು ಸಲಾಕೆಯನ್ನು ತಂದು, ನೆಲದಿಂದ ಮೇಲಕ್ಕೆ ಸರಿಯಾಗಿ 50 ಸೆಂಟಿಮೀಟರ್ ಉಳಿಯುವಂತೆ ಅಂಗಳದಲ್ಲಿ ಹುಗಿದರು. ನೂಲಿಗೆ ಬೀಗದ ಕೈ ಕಟ್ಟಿ ತೂಗುಬಿಟ್ಟು, ಸಲಾಕೆ ನೆಟ್ಟಗಿದೆಯೇ ಎಂದು ಎರಡು ಕಡೆಯಿಂದಲೂ ನೋಡಿದರು.

ಲುಹರ್, ಅಂದರೆ ಮಧ್ಯಾಹ್ನದ ನಮಾಜಿನ ಹೊತ್ತು, ಸೂರ್ಯ ನೆತ್ತಿಯಿಂದ ಪಶ್ಚಿಮಕ್ಕೆ ಜಾರಿದ ಮೇಲೆ ಆರಂಭವಾಗುತ್ತದೆ. ಸೂರ್ಯ ನೆತ್ತಿಗೆ ಬರುವಾಗ ನಮಾಜು ಮಾಡುವುದಿಲ್ಲ. ಹಾಗೆಯೇ ಅದು ಹುಟ್ಟುತ್ತಿರುವಾಗಲೂ ಮುಳುಗುತ್ತಿರುವಾಗಲೂ ಸಾಮಾನ್ಯವಾಗಿ ತಡೆದುಕೊಳ್ಳಬೇಕು. ನಾನು ಹನ್ನೆರಡು ಗಂಟೆಗೇ ಬಂದು ಕುಳಿತಿದ್ದೆ, ಮಾಷ್ಟ್ರು ಮಾತ್ರ ಆರಾಮವಾಗಿ ಊಟ ಮುಗಿಸಿ ಬಂದರು. ನಮ್ಮ ದೇಶದ ಗಡಿಯಾರ 82½ ಡಿಗ್ರಿ ರೇಖಾಂಶದ್ದು, ಮಂಗಳೂರು 75ಕ್ಕಿಂತ ತುಸು ಕಡಿಮೆಯಲ್ಲಿದೆ, ಒಂದೊಂದು ಡಿಗ್ರಿಗೆ ನಾಲ್ಕು ನಿಮಿಷದಂತೆ ನಮ್ಮ ಸೂರ್ಯ ಸುಮಾರು ಅರ್ಧ ಗಂಟೆ ತಡವಾಗಿ ನೆತ್ತಿಗೇರುತ್ತಾನೆ ಎಂದು ವಿವರಿಸಿದರು. ಬೇಗ ಎಂದರೆ ನವೆಂಬರ್ ಆರಂಭದಲ್ಲಿ 12.14ಕ್ಕೆ, ತಡವೆಂದರೆ ಫೆಬ್ರವರಿ ಮಧ್ಯದಲ್ಲಿ 12.45ರ ಹೊತ್ತಿಗೆ. ಪಳ್ಳಿಯ ಕ್ಯಾಲೆಂಡರಿನಲ್ಲಿ ಲುಹರ್ ಏಕೆ ಹೀಗೆ ಹಿಂದೆ ಮುಂದೆ ಆಗುತ್ತದೆಂಬುದಕ್ಕೆ ಕಾರಣ ನನಗೂ ತಿಳಿದದ್ದು ಅಂದೇ.

ವರ್ಷದಲ್ಲಿ ಎರಡು ಸಲ, ಏಪ್ರಿಲ್ ಕೊನೆಗೊಮ್ಮೆ ಮತ್ತು ಆಗಸ್ಟ್ 18ರ ಆಸುಪಾಸಿನಲ್ಲೊಮ್ಮೆ, ಮಂಗಳೂರಿನಲ್ಲಿ ಸೂರ್ಯ ನಡುಹೊತ್ತಿಗೆ ನೇರ ತಲೆಯ ಮೇಲಿರುತ್ತಾನೆ. ನಮ್ಮ ಪ್ರಯೋಗ ಅಂಥದೇ ದಿನಕ್ಕೆ ಬಿದ್ದದ್ದು ಅದೃಷ್ಟ. 12.28ಕ್ಕೆ ಸಲಾಕೆಯ ನೆರಳು ಅದರ ಬುಡದೊಳಗೇ ಅಡಗಿಹೋಯಿತು. ಕೆಲವು ನಿಮಿಷಗಳಲ್ಲಿ ಪೂರ್ವದ ಕಡೆಗೆ ಉಗುರಿನಷ್ಟು ಕಪ್ಪು ಹೊರಬಂತು, ಸ್ವಲ್ಪ ಹೊತ್ತಿನಲ್ಲೇ ನಮ್ಮ ಪಳ್ಳಿಯ ಬಾಂಗೂ ಕೇಳಿಸಿತು. ನಾನು ಎದ್ದದ್ದನ್ನು ಕಂಡು ಮಾಷ್ಟ್ರು “ಈಗಲೇ ಹೋಗಬೇಕೇ?” ಎಂದು ಕೇಳಿದರು.

ನೆರೆಹೊರೆಯವರಲ್ಲಿ ಹೆಚ್ಚಿನವರಿಗೆ ಗೊಂದಲವಾಗುವುದು ಇಲ್ಲೇ. ಹೊತ್ತು, ಬಾಂಗು, ಜಮಾಅತ್ ಮೂರೂ ಬೇರೆ ಬೇರೆ. ಹೊತ್ತು ಎಂಬುದು ತೆರೆದ ಬಾಗಿಲಿನಂತೆ. ಆ ದಿನ ಲುಹರಿನ ಬಾಗಿಲು 12.28ರ ನಂತರ ತೆರೆದು, ಸಂಜೆಗೆ ಮುಂಚಿನ ನಮಾಜಾದ ಅಸರ್ ಆರಂಭವಾಗುವವರೆಗೂ ತೆರೆದೇ ಇತ್ತು. ಬಾಂಗು ಆ ಹೊತ್ತು ಬಂದಿದೆ ಎಂದು ತಿಳಿಸಿ ಕರೆಯುವುದು. ಜಮಾಅತ್ ಎಂದರೆ ಎಲ್ಲರೂ ಇಮಾಮರ ಹಿಂದೆ ಸಾಲಾಗಿ ನಿಂತು ಮಾಡುವ ನಮಾಜು; ಅದಕ್ಕೆ ಆಯಾ ಪಳ್ಳಿಯವರು ತಮ್ಮ ಅನುಕೂಲ ನೋಡಿ ಸಮಯ ಗೊತ್ತುಮಾಡಿಕೊಂಡಿರುತ್ತಾರೆ. ನಮ್ಮಲ್ಲಿ ಅದು 1 ಗಂಟೆಗೆ. ಅಂಗಡಿಯಲ್ಲಿ ಗಿರಾಕಿ ನಿಂತಿದ್ದರಿಂದ ಜಮಾಅತ್ ತಪ್ಪಿದವನು ಎರಡು ಗಂಟೆಗೆ ಒಬ್ಬನೇ ಮಾಡಿದರೂ ಅವನ ಲುಹರ್ ಹೊತ್ತಿಗೆ ಸರಿಯಾಗಿಯೇ ಆಯಿತು, ಜಮಾಅತಿನ ಪುಣ್ಯ ತಪ್ಪಿತಷ್ಟೆ. ಶುಕ್ರವಾರ ಮಾತ್ರ ಈ ಹೊತ್ತಿನಲ್ಲಿ ಖುತ್ಬಾ ಎಂಬ ಪ್ರವಚನದೊಡನೆ ಜುಮಾ ನಮಾಜು ನಡೆಯುತ್ತದೆ, ಅದನ್ನು ಒಬ್ಬನೇ ಮನೆಯಲ್ಲಿ ಮಾಡುವಂತಿಲ್ಲ.

ನಮಾಜು ಮುಗಿಸಿ, ಊಟ ಮಾಡಿ ಮೂರು ಗಂಟೆಗೆ ಮರಳಿ ಬಂದೆ. ಅಸರ್ ಆರಂಭವಾಗುವುದು ವಸ್ತುವಿನ ನೆರಳು ಅದರ ಎತ್ತರದಷ್ಟೇ ಉದ್ದವಾದಾಗ ಎಂಬುದು ಹಿಂದಿನ ಕಾಲದ ಧರ್ಮಶಾಸ್ತ್ರ ಪಂಡಿತ ಇಮಾಂ ಶಾಫಿಯವರ ಅಭಿಪ್ರಾಯ. ನಡುಹೊತ್ತಿನಲ್ಲಿ ನೆರಳೇನಾದರೂ ಉಳಿದಿದ್ದರೆ ಅದನ್ನೂ ಕೂಡಿಸಿಕೊಳ್ಳಬೇಕು. ಇಮಾಂ ಅಬೂ ಹನೀಫರ ಪ್ರಕಾರ ಅದು ಎತ್ತರದ ಎರಡರಷ್ಟಾಗಬೇಕು. ಕರಾವಳಿಯ ಬ್ಯಾರಿಗಳೂ ಭಟ್ಕಳದ ನವಾಯತರೂ ಶಾಫಿ ಪದ್ಧತಿಯವರು. ಘಟ್ಟದ ಮೇಲಿನ ಉರ್ದು ಮಾತಿನ ಮುಸ್ಲಿಮರಲ್ಲಿ ಹೆಚ್ಚಿನವರು ಹನಫಿಗಳು, ಮಂಗಳೂರಿನ ಕೆಲವು ಮಸೀದಿಗಳೂ ಅವರವೇ. ಇದನ್ನು ಜಗಳವೆಂದು ತಿಳಿಯಬಾರದು. ಅಬೂ ಹನೀಫರ ಪ್ರಮುಖ ಶಿಷ್ಯರಾದ ಅಬೂ ಯೂಸುಫ್ ಮತ್ತು ಮುಹಮ್ಮದ್ ಅವರೇ ಒಂದು ನೆರಳಿನ ಪಕ್ಷದಲ್ಲಿದ್ದರು. ಪೇಟೆಗೆ ಹೋದ ದಿನ ನಾನೂ ಹನಫಿ ಮಸೀದಿಯ ಸಾಲಿನಲ್ಲಿಯೇ ನಿಂತು ಅಸರ್ ಮಾಡುತ್ತೇನೆ.

ಆ ದಿನ ನಡುಹೊತ್ತಿನ ನೆರಳು ಸೊನ್ನೆಯಾಗಿದ್ದರಿಂದ ನಮ್ಮ ಲೆಕ್ಕ ಸುಲಭವಾಗಿತ್ತು: 50 ಸೆಂಟಿಮೀಟರಿಗೆ ಒಂದು ಗೆರೆ, 100ಕ್ಕೆ ಇನ್ನೊಂದು. ಡಿಸೆಂಬರಿನಲ್ಲಾಗಿದ್ದರೆ ನಡುಹೊತ್ತಿಗೇ ಸುಮಾರು 37 ಸೆಂಟಿಮೀಟರ್ ನೆರಳಿರುತ್ತಿತ್ತು, ಮೊದಲ ಗೆರೆ 87ಕ್ಕೆ ಎಳೆಯಬೇಕಾಗುತ್ತಿತ್ತು. ಅದನ್ನು ಮರೆತು ಬರೀ ಎತ್ತರವನ್ನು ಅಳೆದರೆ ಅಸರ್ ಹೊತ್ತಿಗೆ ಮುಂಚೆಯೇ ಆಗಿಬಿಡುತ್ತದೆ. ಮೊದಲ ಗೆರೆಯನ್ನು ನೆರಳು 3.30ಕ್ಕೇ ಮುಟ್ಟಿತು. ಕ್ಯಾಲೆಂಡರಿನಲ್ಲಿ 3.33 ಎಂದಿತ್ತು. ಮೂರು ನಿಮಿಷದ ತಪ್ಪು ಎಲ್ಲಿಯದೆಂದು ಮಾಷ್ಟ್ರು ಬಗ್ಗಿ ನೋಡಿದರು: ಮಳೆನೀರು ಹರಿಯಲೆಂದು ಅಂಗಳವನ್ನು ಪೂರ್ವಕ್ಕೆ ತುಸು ಇಳಿಜಾರಾಗಿ ಮಾಡಿಸಿದ್ದರು, ನೆರಳು ಚಾಚಿದ್ದು ಆ ಇಳಿಜಾರಿನ ಮೇಲೆ. ಎರಡನೆಯ ಗೆರೆಯ ಹತ್ತಿರ ಬಂದಾಗ ನೆರಳಿನ ತುದಿ ಮಸುಕಾಗಿ, ಎಲ್ಲಿ ಮುಗಿಯಿತೆಂದು ಹೇಳುವುದೇ ಕಷ್ಟವಾಯಿತು. ಹೆಚ್ಚು ಕಡಿಮೆ 4.50 ಎಂದು ಒಪ್ಪಿಕೊಂಡೆವು. ಪೇಟೆ ಕಡೆಯ ಬಾಂಗು ಕೇಳಿಸಿದ್ದು 5 ಗಂಟೆಗೆ; ಅಲ್ಲಿ ಹೊತ್ತು ಬಂದ ಮೇಲೆ ಸ್ವಲ್ಪ ಬಿಟ್ಟು ಕರೆಯುತ್ತಾರೆ.

“ಉಳಿದ ಮೂರಕ್ಕೆ ಸಲಾಕೆ ಉಪಯೋಗವಿಲ್ಲ ಅಲ್ಲವೇ?” ಎಂದರು ಮಾಷ್ಟ್ರು. ಹೌದು, ಅವು ಬೆಳಕಿನ ಲೆಕ್ಕದವು. ಮಗ್ರಿಬ್ ಸೂರ್ಯ ಪೂರ್ತಿ ಮುಳುಗಿದೊಡನೆ, ಇಶಾ ಸಂಜೆಗೆಂಪು ಆರಿದ ಮೇಲೆ, ಸುಬಹಿ ಪೂರ್ವದಲ್ಲಿ ಅಡ್ಡಲಾಗಿ ಬೆಳಕು ಹರಡಿದಾಗ. ಕ್ಯಾಲೆಂಡರು ಮಾಡುವವರು ಇಲ್ಲಿ ಬಹುಮಟ್ಟಿಗೆ ಸೂರ್ಯ ದಿಗಂತಕ್ಕಿಂತ 18 ಡಿಗ್ರಿ ಕೆಳಗಿರುವ ಲೆಕ್ಕ ಹಿಡಿಯುತ್ತಾರೆ. ಆ ದಿನಕ್ಕೆ ಸುಬಹಿ ಬೆಳಿಗ್ಗೆ 5 ಗಂಟೆಗೆ ಬಂದು 6.13ರ ಸೂರ್ಯೋದಯಕ್ಕೆ ಮುಗಿಯಿತು. ಬೆಳಗಿನ ಬಾಂಗಿನಲ್ಲಿ ಮಾತ್ರ ಒಂದು ಸಾಲು ಹೆಚ್ಚಿರುತ್ತದೆ, ನಿದ್ದೆಗಿಂತ ನಮಾಜು ಉತ್ತಮ ಎಂದು ಅದರ ಅರ್ಥ. ಮಾಷ್ಟ್ರು ನಕ್ಕು, ತಾವು ಆ ಬಾಂಗಿಗೇ ಎದ್ದು ವಾಕಿಂಗ್ ಹೊರಡುವುದೆಂದರು.

ಮಗ್ರಿಬಿಗೆ ಅವರೂ ಪಳ್ಳಿಯವರೆಗೆ ಬಂದರು. ಚಪ್ಪಲಿ ಬಿಟ್ಟು ಒಳಗೆ ಬಂದು, ಗೋಡೆಗೆ ಒರಗಿ ಕುಳಿತುಕೊಂಡರು; ನಮಾಜು ಮಾಡುವವರ ಎದುರಿನಿಂದ ಹಾಯಬಾರದೆಂಬುದೊಂದನ್ನು ಮಾತ್ರ ನಾನು ಮೊದಲೇ ಹೇಳಿದ್ದೆ. ಉಳಿದ ಹೊತ್ತುಗಳಲ್ಲಿ ಬಾಂಗಿಗೂ ಜಮಾಅತಿಗೂ ನಡುವೆ ವುಳೂ, ಅಂದರೆ ನಮಾಜಿಗೆ ಮುಂಚೆ ಕೈಕಾಲು ಮುಖ ತೊಳೆಯುವುದನ್ನು, ಮಾಡಿ ಬರಲು ಸಾಕಷ್ಟು ಬಿಡುವಿರುತ್ತದೆ, ಮಗ್ರಿಬಿಗೆ ಕೆಲವೇ ನಿಮಿಷ. ಸಾಲುಗಳು ಎದ್ದು ನಿಂತದ್ದೂ ಮುಗಿದದ್ದೂ ಹತ್ತು ನಿಮಿಷದೊಳಗೆ.

ಹೊರಡುವಾಗ ಮಾಷ್ಟ್ರು ಗೋಡೆಯ ಹಲಗೆಯ ಮುಂದೆ ನಿಂತರು. ಅದರಲ್ಲಿ ಆರು ಪುಟ್ಟ ಗಡಿಯಾರದ ಮುಖಗಳಿವೆ, ಐದು ಹೊತ್ತಿಗೂ ಜುಮಾಕ್ಕೂ. ಒಂದೂ ಓಡುವುದಿಲ್ಲ, ಮುಳ್ಳುಗಳನ್ನು ಕೈಯಿಂದ ತಿರುಗಿಸಿಡುವುದು. ಸೂರ್ಯ ಈಗ ಎಷ್ಟು ದಿನಕ್ಕೆ ಒಂದು ನಿಮಿಷ ತಡವಾಗಿ ಮುಳುಗುತ್ತಿದ್ದಾನೆಂದು ಅವರು ಬಾಂಗು ಕೊಡುವ ಮುಕ್ರಿಯವರನ್ನು ಕೇಳಿದರು. “ಆರೇಳು ದಿನಕ್ಕೊಂದು ಆಗುತ್ತದೆ ಮಾಷ್ಟ್ರೆ” ಎಂದ ಮುಕ್ರಿಯವರು, ಸ್ಟೂಲು ಹತ್ತಿ, ಮಗ್ರಿಬಿನ ದೊಡ್ಡ ಮುಳ್ಳನ್ನು ಬೆರಳಿನಿಂದ 44ರಿಂದ 45ಕ್ಕೆ ದೂಡಿದರು.