ತಪ್ಪು ಸಿಕ್ಕ ಮೇಲೆ ಬರಹವನ್ನು ಎಷ್ಟು ಮುಟ್ಟಬೇಕು?

ಪ್ರಕಟವಾದ ಬರಹದಲ್ಲಿ ತಪ್ಪಿದೆ ಎಂದು ಓದುಗರು ತಿಳಿಸಿದಾಗ, ಮೂಲ ನೋಡಿ ಖಚಿತಪಡಿಸಿಕೊಂಡ ಮೇಲೆ ಯೋಚಿಸಬೇಕಾದದ್ದು ಇಷ್ಟೇ: ಅದನ್ನು ನಂಬಿ ಓದಿದವರು ಈಗಾಗಲೇ ಏನು ಮಾಡಿರಬಹುದು? ಕಾಗುಣಿತ ತಪ್ಪಾಗಿದ್ದರೆ ಸದ್ದಿಲ್ಲದೆ ತಿದ್ದಿ, ಯಾರಿಗೂ ನಷ್ಟವಿಲ್ಲ. ಹೆಸರು, ಇಸವಿ, ಅಳತೆ ಬದಲಾದರೆ ಮಾತ್ರ ಹೇಳಿಯೇ ತಿದ್ದಬೇಕು.

ಒಂದು ಉದಾಹರಣೆ ನೋಡೋಣ. 5% ಬ್ಲೀಚ್‌ನಿಂದ 0.05% ದ್ರಾವಣ ತಯಾರಿಸಲು ಒಂದು ಭಾಗಕ್ಕೆ 99 ಭಾಗ ನೀರು ಬೇಕು. ಬರಹದಲ್ಲಿ 9 ಭಾಗ ಎಂದು ಬಿದ್ದಿದೆ. ಅಂದರೆ ದ್ರಾವಣ 0.5% ಆಗಿ, ಹತ್ತು ಪಟ್ಟು ಗಾಢವಾಗುತ್ತದೆ. ವಿಷಯ ಸರಿಯಾಗಿಯೇ ಇದೆ, ಕೆಟ್ಟಿರುವುದು ಒಂದು ಅಂಕಿ. ಹಾಗಾಗಿ ಇಡೀ ಬರಹ ಅಳಿಸುವ ಅಗತ್ಯವಿಲ್ಲ. ಆದರೆ ಆ ಅಂಕಿ ಒಂದೇ ಕಡೆ ಇರುವುದಿಲ್ಲ: ಪೀಠಿಕೆ, ಕೋಷ್ಟಕ, ಚಿತ್ರದೊಳಗಿನ ಅಕ್ಷರ, ಕೊನೆಯ ಸಾರಾಂಶ ಎಲ್ಲವನ್ನೂ ಹುಡುಕಬೇಕು. ಚಿತ್ರದೊಳಗಿನದು ಹುಡುಕಾಟಕ್ಕೆ ಸಿಗುವುದಿಲ್ಲ, ಕಣ್ಣಿಂದಲೇ ನೋಡಬೇಕು.

ತಪ್ಪು ಅಂಕಿಯ ಮೇಲೆ ಗೆರೆ ಎಳೆದು ಪಕ್ಕದಲ್ಲಿ ಸರಿಯಾದದ್ದನ್ನು ಬರೆಯುವ ರೂಢಿಯಿದೆ. ಅಭಿಪ್ರಾಯ ಬರಹಕ್ಕೆ ಅದು ಚೆನ್ನ, ಅಳತೆಗೆ ಅಪಾಯಕಾರಿ. ಬರೀ ಪಠ್ಯವಾಗಿ ನಕಲು ಮಾಡಿದರೆ ಗೆರೆ ಉದುರಿಹೋಗಿ ಎರಡೂ ಅಂಕಿ ಉಳಿಯುತ್ತವೆ. ಪರದೆ ಓದಿ ಹೇಳುವ ತಂತ್ರಾಂಶಗಳೂ ಎಷ್ಟೋ ಬಾರಿ ಗೆರೆಯನ್ನು ಹೇಳುವುದೇ ಇಲ್ಲ. ಹಾಗಾಗಿ ಒಳಗಿನ ಅಂಕಿ ಪೂರ್ತಿ ಬದಲಾಗಲಿ, ತಪ್ಪಿನ ದಾಖಲೆ ಟಿಪ್ಪಣಿಯಲ್ಲಿ ಇರಲಿ.

ಟಿಪ್ಪಣಿ ಬರಹದ ತುದಿಯಲ್ಲಿದ್ದರೆ ಅರ್ಧಕ್ಕೇ ಬಿಟ್ಟವರಿಗೆ ಕಾಣದು. ಇಂಥ ತಪ್ಪಿಗೆ ತಲೆಬರಹದ ಕೆಳಗೇ, ದಿನಾಂಕ, ಸಮಯದೊಂದಿಗೆ ಹೀಗೆ ಹಾಕಬಹುದು:

“ತಿದ್ದುಪಡಿ: 1 ಲೀಟರ್ 0.05% ದ್ರಾವಣಕ್ಕೆ 5% ಬ್ಲೀಚ್ 10 ಮಿ.ಲೀ., ನೀರು 990 ಮಿ.ಲೀ. ಒಂದಕ್ಕೆ ಒಂಬತ್ತು ಭಾಗ ನೀರು ಎಂದು ಮೊದಲು ತಪ್ಪಾಗಿ ಬರೆದಿದ್ದೆವು. ಹಾಗೆ ಬೆರೆಸಿಟ್ಟಿದ್ದರೆ, ಆ ದ್ರಾವಣದ ಒಂದು ಭಾಗಕ್ಕೆ ಮತ್ತೆ ಒಂಬತ್ತು ಭಾಗ ನೀರು ಸೇರಿಸಿ.”

ಸರಿಯಾದದ್ದು ಮೊದಲು ಬಂದಿದೆ, ಅವಸರದಲ್ಲಿ ಓದುವವರು ಮೊದಲ ಸಾಲನ್ನಷ್ಟೇ ನೋಡುತ್ತಾರೆ. ಕೊನೆಯ ಸಾಲನ್ನು ಹೆಚ್ಚಿನವರು ಮರೆಯುತ್ತಾರೆ, ಆಗಲೇ ಬೆರೆಸಿದವರಿಗೆ ಬೇಕಾದದ್ದು ಅದೇ. “ಕೆಲವು ಬದಲಾವಣೆ ಮಾಡಲಾಗಿದೆ” ಎಂಬ ಸಾಲಿನಿಂದ ಯಾರಿಗೂ ಏನೂ ತಿಳಿಯುವುದಿಲ್ಲ. ನೆಪ ಹೇಳುವುದೂ ಬೇಡ, ಟೈಪಿಂಗ್‌ನಲ್ಲಿ ತಪ್ಪಾಯಿತೋ ಲೆಕ್ಕದಲ್ಲೋ ಎಂಬುದು ಓದುಗರಿಗೆ ಸಂಬಂಧಿಸಿದ್ದಲ್ಲ. ತಪ್ಪು ತೋರಿಸಿದವರ ಹೆಸರನ್ನು ಅವರನ್ನು ಕೇಳದೆ ಹಾಕಬಾರದು.

ಅಳಿಸಲೇಬೇಕಾದದ್ದು ಎರಡು ಸಂದರ್ಭಗಳಲ್ಲಿ. ಅಂಕಿ ತೆಗೆದರೆ ವಾದವೇ ನಿಲ್ಲುವುದಿಲ್ಲ ಎನ್ನುವಾಗ ಬರಹ ಹೋಗಲಿ, ಆದರೆ ಅದೇ ವಿಳಾಸದಲ್ಲಿ ಏನಿತ್ತು, ಏಕೆ ಹಿಂಪಡೆದೆವು ಎಂಬ ಎರಡು ಸಾಲು ಇರಲಿ. ಖಾಲಿ ಪುಟ ಕಂಡವರು ಹಳೆಯ ಸ್ಕ್ರೀನ್‌ಶಾಟನ್ನೇ ನಂಬುತ್ತಾರೆ. ಇನ್ನೊಂದು, ಯಾರದೋ ಖಾಸಗಿ ವಿವರ ಹೊರಬಿದ್ದಾಗ. ಅಲ್ಲಿ ಮಾತ್ರ ಟಿಪ್ಪಣಿಯಲ್ಲಿ ತಪ್ಪನ್ನು ಮತ್ತೆ ಹೇಳಕೂಡದು. “ವ್ಯಕ್ತಿಯೊಬ್ಬರ ಖಾಸಗಿ ವಿವರವಿದ್ದ ಭಾಗವನ್ನು ತೆಗೆದಿದ್ದೇವೆ” ಎಂದಷ್ಟೇ ಬರೆದು, ಹಳೆಯ ಆವೃತ್ತಿಗಳಿಂದಲೂ ಅದನ್ನು ತೆಗೆಯಬೇಕು.