ಎಳೆದುಹೋದ ಲಂಗರು

ಚಿತ್ರದುರ್ಗ, ಸೋಮವಾರ, 8 ಸೆಪ್ಟೆಂಬರ್ 2025

ಶನಿವಾರ ಸೌದಿ ಅರೇಬಿಯಾದ ಜೆಡ್ಡಾ ಬಳಿ ಕೆಂಪು ಸಮುದ್ರದಲ್ಲಿ ಸೀ-ಮಿ-ವಿ 4 ಮತ್ತು ಐ-ಮಿ-ವಿ ಎಂಬ ಎರಡು ಇಂಟರ್‌ನೆಟ್ ಕೇಬಲ್‌ಗಳು ಕೆಟ್ಟಿವೆ. ಭಾರತದಿಂದ ಯುರೋಪಿನ ಕಡೆ ಹೋಗುವ ದಾರಿಗಳಲ್ಲಿ ಇವೂ ಸೇರಿವೆ. ನಮ್ಮ ಬೀದಿಯಲ್ಲಿ ಎಲ್ಲರೂ ಇಂಟರ್‌ನೆಟ್ ಕೊಡುವ ಹುಡುಗನನ್ನು ಬೈಯುತ್ತಿದ್ದಾರೆ. ಪಾಪ, ಅವನ ಕೈಯಲ್ಲಿರುವುದು ಕಂಬದಿಂದ ಮನೆಯವರೆಗಿನ ತಂತಿ ಮಾತ್ರ. ಹೊಳಲ್ಕೆರೆಯಿಂದ ಬಂದಿದ್ದ ಭಾವ ದುಬೈನಲ್ಲಿರುವ ಮಗಳಿಗೆ ಕರೆ ಮಾಡಿದರೆ ಅವಳ ಮುಖ ಅರ್ಧಕ್ಕೇ ನಿಂತುಬಿಡುತ್ತಿತ್ತು. "ನೀನು ಮುಂಬೈಯಲ್ಲಿ ಇದೇ ಕೆಲಸ ಮಾಡಿಕೊಂಡಿದ್ದೆಯಲ್ಲ, ಸಮುದ್ರದ ತಳದಲ್ಲಿರುವುದನ್ನು ಯಾರು ಹೋಗಿ ಕತ್ತರಿಸುತ್ತಾರೆ?" ಎಂದು ಕೇಳಿದರು. ಅವರಿಗೆ ಹೇಳಿದ್ದನ್ನೇ ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇನೆ.

ಮೊದಲು ಶಾರ್ಕ್ ಕಥೆಯನ್ನು ಪಕ್ಕಕ್ಕಿಡೋಣ. ಶಾರ್ಕ್ ಕೇಬಲ್ ಕಚ್ಚುವ ವಿಡಿಯೊ ಈ ಎರಡು ದಿನಗಳಲ್ಲಿ ಎಲ್ಲ ವಾಟ್ಸ್ಆ್ಯಪ್ ಗುಂಪುಗಳಲ್ಲೂ ಓಡಾಡಿದೆ. ಪ್ರಪಂಚದಲ್ಲಿ ವರ್ಷಕ್ಕೆ ಸುಮಾರು 150ರಿಂದ 200 ಬಾರಿ ಸಮುದ್ರ ಕೇಬಲ್‌ಗಳು ಕೆಡುತ್ತವೆ. ಅದರಲ್ಲಿ ಮುಕ್ಕಾಲು ಪಾಲಿನಷ್ಟಕ್ಕೆ ಕಾರಣ ಮೀನುಗಾರಿಕೆಯ ಬಲೆ ಮತ್ತು ಹಡಗಿನ ಲಂಗರು. ಉಳಿದದ್ದರಲ್ಲಿ ಭೂಕಂಪ, ಸಮುದ್ರದೊಳಗಿನ ಭೂಕುಸಿತ, ಬಂಡೆಗೆ ಉಜ್ಜಿ ಸವೆಯುವುದು ಇತ್ಯಾದಿ. ಶಾರ್ಕ್‌ನ ಪಾಲು ಲೆಕ್ಕಕ್ಕೇ ಬರುವುದಿಲ್ಲ.

ಲಂಗರು ಎಂದರೆ ನಿಂತ ಹಡಗು ಇಳಿಬಿಡುವ ಕೊಕ್ಕೆ ಎಂದಷ್ಟೇ ನಾವು ತಿಳಿದಿರುತ್ತೇವೆ. ಕೇಬಲ್ ಕತ್ತರಿಸುವುದು ಸಾಮಾನ್ಯವಾಗಿ ನಿಂತ ಲಂಗರಲ್ಲ, ಎಳೆದುಕೊಂಡು ಹೋಗುವ ಲಂಗರು. ಇದಕ್ಕೆ ಕಳೆದ ವರ್ಷದ ರೂಬಿಮಾರ್ ಹಡಗಿಗಿಂತ ಒಳ್ಳೆಯ ಉದಾಹರಣೆ ಇಲ್ಲ. 2024ರ ಫೆಬ್ರುವರಿ 18ರಂದು ಯೆಮೆನ್‌ನ ಹೌತಿ ಬಂಡುಕೋರರು ಈ ಸರಕು ಹಡಗಿನ ಮೇಲೆ ಕ್ಷಿಪಣಿ ಹಾರಿಸಿದರು. ಒಳಗೆ ಸುಮಾರು 21 ಸಾವಿರ ಟನ್ ರಸಗೊಬ್ಬರ ಇತ್ತು. ಸಿಬ್ಬಂದಿ ಲಂಗರು ಇಳಿಸಿ, ಹಡಗನ್ನು ಬಿಟ್ಟು ಜೀವ ಉಳಿಸಿಕೊಂಡರು. ಆದರೆ ನೀರು ತುಂಬುತ್ತಿದ್ದ ಹಡಗನ್ನು ಆ ಲಂಗರು ಹಿಡಿದು ನಿಲ್ಲಿಸಲಿಲ್ಲ. ಗಾಳಿ ಮತ್ತು ಸಮುದ್ರದ ಹರಿವಿಗೆ ಸಿಕ್ಕ ಹಡಗು ದಿನಗಟ್ಟಲೆ ತೇಲುತ್ತಾ, ಲಂಗರನ್ನು ತಳದಲ್ಲಿ ಎಳೆದುಕೊಂಡೇ ಸಾಗಿತು. ಫೆಬ್ರುವರಿ 24ರಂದು ಎಎಇ-1, ಇಐಜಿ ಮತ್ತು ಸೀಕಾಂ ಎಂಬ ಮೂರು ಕೇಬಲ್‌ಗಳು ನಿಂತುಹೋದವು. ಮಾರ್ಚ್ 2ರಂದು ಹಡಗು ಮುಳುಗಿತು. ಯಾರೂ ಕೇಬಲ್‌ಗೆ ಗುರಿ ಇಟ್ಟಿರಲಿಲ್ಲ ಎಂಬುದೇ ನನಗೆ ಈ ಪ್ರಕರಣದಲ್ಲಿ ಮುಖ್ಯವಾಗಿ ಕಾಣುವುದು.

ಅಲ್ಲಿ ಲಂಗರು ತಳ ಮುಟ್ಟಿದ್ದಾದರೂ ಹೇಗೆ? ಹಡಗಿನ ಸರಪಳಿಯನ್ನು 27.5 ಮೀಟರ್‌ಗಳ ತುಂಡುಗಳಲ್ಲಿ ಅಳೆಯುತ್ತಾರೆ. ದೊಡ್ಡ ಹಡಗಿನಲ್ಲಿ ಅಂಥ ಹತ್ತು ಹನ್ನೆರಡು ತುಂಡುಗಳಿರುತ್ತವೆ, ಅಂದರೆ ಸುಮಾರು 300 ಮೀಟರ್. ಕೆಂಪು ಸಮುದ್ರದ ನಡುವೆ ಎರಡು ಸಾವಿರ ಮೀಟರಿಗೂ ಮೀರಿದ ಆಳವಿದೆ. ಅಲ್ಲಿ ಯಾವ ಲಂಗರೂ ತಳ ಕಾಣದು. ಆದರೆ ದಕ್ಷಿಣದಲ್ಲಿ, ಹನೀಶ್ ದ್ವೀಪಗಳ ಬಳಿ, ತಳ ಏರಿ ಬಂದು ದಾರಿಯ ಆಳ ಕೇವಲ 137 ಮೀಟರಿಗೆ ಇಳಿಯುತ್ತದೆ. ಯುರೋಪಿಗೆ ಹೋಗುವ ಹಡಗುಗಳಿಗೂ ಕೇಬಲ್‌ಗಳಿಗೂ ಇದೇ ಕಿರಿದಾದ ಓಣಿ.

"ಹಾಗಾದರೆ ಹೂಳಬಾರದೇ?" ಎಂದರು ಭಾವ. ಹೂಳುತ್ತಾರೆ, ಅದಕ್ಕೆ ನೇಗಿಲೇ ಇದೆ ಎಂದಾಗ ಅವರಿಗೆ ನಗು ಬಂತು. ತಮಾಷೆಯಲ್ಲ. ಹತ್ತಾರು ಟನ್ ತೂಕದ, ಜಾರುಕಾಲುಗಳ ಮೇಲೆ ನಿಂತ ನೇಗಿಲನ್ನು ಹಡಗು ಹಿಂದಿನಿಂದ ಎಳೆಯುತ್ತದೆ. ಅದರ ಗುಳ ಮಣ್ಣನ್ನು ಸೀಳಿ ಎತ್ತಿದಾಗ ಅದೇ ಸೀಳಿನೊಳಕ್ಕೆ ಕೇಬಲ್ ಇಳಿಯುತ್ತದೆ, ಎತ್ತಿದ ಮಣ್ಣು ಮತ್ತೆ ಅದರ ಮೇಲೆ ಬೀಳುತ್ತದೆ. ನಮ್ಮ ಕೂರಿಗೆ ಬೀಜ ಬಿತ್ತುವ ಕ್ರಮವೇ ಹೆಚ್ಚು ಕಡಿಮೆ ಇದು. ಒಂದು ಮೀಟರಿನಿಂದ ಎರಡು ಮೀಟರ್ ಆಳಕ್ಕೆ ಹೂಳುವುದು ರೂಢಿ. ಅದಕ್ಕೂ ಮೊದಲು ಬೇರೊಂದು ಸುತ್ತು ಕೊಕ್ಕೆ ಎಳೆದು ಹಳೆಯ ಬಲೆ, ಹಗ್ಗ, ತುಕ್ಕು ಹಿಡಿದ ತಂತಿಗಳನ್ನು ತೆಗೆದು ದಾರಿ ಹಸನು ಮಾಡಿಕೊಳ್ಳುತ್ತಾರೆ.

"ನಮ್ಮ ದುರ್ಗದಂಥ ಕಲ್ಲುನೆಲ ಸಿಕ್ಕರೆ?" ಇದು ಸರಿಯಾದ ಪ್ರಶ್ನೆ. ಬಂಡೆಯಲ್ಲಿ ಗುಳ ಇಳಿಯುವುದಿಲ್ಲ, ಅಲ್ಲಿ ಕೇಬಲ್ ಮೇಲೆಯೇ ಮಲಗಿರುತ್ತದೆ. ಇನ್ನೊಂದು ಹಳೆಯ ಕೇಬಲ್ ಅಡ್ಡ ಬಂದಾಗ ನೇಗಿಲನ್ನು ಎತ್ತಿ ದಾಟಿಸಲೇಬೇಕು, ಇಲ್ಲದಿದ್ದರೆ ನಾವೇ ಅದನ್ನು ಕತ್ತರಿಸಿದಂತಾಗುತ್ತದೆ. ಅಂಥ ಕಡೆ ಆಮೇಲೆ ದೂರನಿಯಂತ್ರಿತ ಯಂತ್ರವನ್ನು ಇಳಿಸಿ, ನೀರಿನ ಜೋರು ಧಾರೆಯಿಂದ ಮಣ್ಣು ಸಡಿಲಿಸಿ ಕೇಬಲ್ ತಗ್ಗಿಸುತ್ತಾರೆ. ಆಳ ಸಾವಿರ, ಸಾವಿರದೈನೂರು ಮೀಟರ್ ದಾಟಿದ ಮೇಲೆ ಹೂಳುವ ಗೋಜಿಗೇ ಹೋಗುವುದಿಲ್ಲ. ಕೇಬಲ್‌ನ ದಪ್ಪವೂ ಹಾಗೆಯೇ ಬದಲಾಗುತ್ತದೆ: ದಡದ ಹತ್ತಿರ ಉಕ್ಕಿನ ತಂತಿಗಳ ಎರಡು ಸುತ್ತು ಕವಚ, ಆಳ ಸಮುದ್ರದಲ್ಲಿ ಕವಚವಿಲ್ಲದ 17ರಿಂದ 21 ಮಿಲಿಮೀಟರ್. ಮೀನಿನ ಬಲೆಯನ್ನು ತಡೆಯಲು ಒಂದು ಮೀಟರ್ ಮಣ್ಣು, ಎರಡು ಸುತ್ತು ಕವಚ ಸಾಕಾಗಬಹುದು. ಮೆತ್ತನೆಯ ಮಣ್ಣಿನಲ್ಲಿ ದೊಡ್ಡ ಹಡಗಿನ ಲಂಗರು ಅದಕ್ಕಿಂತ ಆಳಕ್ಕೆ ಹೂತುಕೊಳ್ಳುತ್ತದೆ. ಅದಕ್ಕೆ ಯಾವ ಕವಚವೂ ತಡೆಯಲ್ಲ.

ನಾನು ಕೆಲಸ ಮಾಡಿದ್ದು ಹೆಚ್ಚಾಗಿ ದಡದ ಕೊಠಡಿಯಲ್ಲಿ, ಕೇಬಲ್‌ಗೆ ವಿದ್ಯುತ್ ಕೊಡುವ ಯಂತ್ರದ ಮುಂದೆ. ಮಾಹಿತಿ ಹೊತ್ತ ಬೆಳಕು ಕೇಬಲ್ ಒಳಗಿನ ಗಾಜಿನ ಎಳೆಯಲ್ಲಿ ಹೋಗುವಾಗ ದುರ್ಬಲವಾಗುತ್ತದೆ. ಅದನ್ನು ಮತ್ತೆ ಬಲಪಡಿಸುವ ರಿಪೀಟರ್‌ಗಳನ್ನು 60-80 ಕಿಲೋಮೀಟರಿಗೊಂದರಂತೆ ಕೇಬಲ್‌ನಲ್ಲೇ ಸೇರಿಸಿರುತ್ತಾರೆ. ಅವುಗಳಿಗೆ ವಿದ್ಯುತ್ ಬೇಕು. ಎಳೆಗಳ ಸುತ್ತ ಇರುವ ತಾಮ್ರದ ಕೊಳವೆಯಲ್ಲಿ ಸುಮಾರು ಒಂದು ಆ್ಯಂಪಿಯರ್ ಪ್ರವಾಹವನ್ನು ಏರಿಳಿತವಿಲ್ಲದೆ ಹರಿಸುತ್ತೇವೆ. ಒಂದು ದಡದಲ್ಲಿ ಧನ, ಇನ್ನೊಂದು ದಡದಲ್ಲಿ ಋಣ ವೋಲ್ಟೇಜ್. ನಡುವೆ ಎಲ್ಲೋ ಒಂದು ಕಡೆ ಅದು ಸೊನ್ನೆ.

ಲಂಗರು ಕೇಬಲ್ಲನ್ನು ತುಂಡು ಮಾಡದೆ, ಪಾಲಿಥಿನ್ ಹೊದಿಕೆಯನ್ನು ಮಾತ್ರ ಕೆರೆದುಬಿಟ್ಟರೆ ತಾಮ್ರ ಉಪ್ಪುನೀರನ್ನು ಮುಟ್ಟುತ್ತದೆ. ಆಗ ಆ ಸೊನ್ನೆ ಗಾಯದ ಜಾಗಕ್ಕೆ ಸರಿಯುತ್ತದೆ. ದುಂಡು ಸಂಖ್ಯೆಗಳಲ್ಲಿ ಹೇಳುವುದಾದರೆ: ಎರಡೂ ದಡ 4,000 ವೋಲ್ಟ್‌ಗಳಂತೆ ಕೊಡುತ್ತಿದ್ದವು ಎನ್ನೋಣ. ಇದ್ದಕ್ಕಿದ್ದಂತೆ ನಮ್ಮ ಕಡೆಯ ಮುಳ್ಳು 230ಕ್ಕೆ ಬೀಳುತ್ತದೆ, ಆ ಕಡೆಯದು 7,770ಕ್ಕೆ ಏರುತ್ತದೆ. ಆಚೆಯ ಯಂತ್ರ ಅಷ್ಟು ಹೊರುವಂತಿದ್ದರೆ ಇಂಟರ್‌ನೆಟ್ ಎಂದಿನಂತೆ ಹರಿಯುತ್ತಲೇ ಇರುತ್ತದೆ, ಹೊರಗಿನವರಿಗೆ ಏನೂ ಗೊತ್ತಾಗುವುದಿಲ್ಲ. ಒಂದು ಕಿಲೋಮೀಟರ್ ತಾಮ್ರ ಒಂದು ವೋಲ್ಟ್, ಒಂದು ರಿಪೀಟರ್ 30 ವೋಲ್ಟ್ ತಿನ್ನುತ್ತದೆ, ರಿಪೀಟರ್‌ಗಳು 70 ಕಿಲೋಮೀಟರಿಗೊಂದು ಇವೆ ಎಂದಿಟ್ಟುಕೊಳ್ಳಿ. 230ರಲ್ಲಿ ಎರಡು ರಿಪೀಟರ್‌ಗಳಿಗೆ 60 ಕಳೆದರೆ ಉಳಿಯುವುದು 170. ಅಂದರೆ ಗಾಯ ದಡದಿಂದ 170 ಕಿಲೋಮೀಟರ್ ದೂರದಲ್ಲಿ, ಎರಡನೆಯ ರಿಪೀಟರ್‌ನಿಂದ 30 ಕಿಲೋಮೀಟರ್ ಆಚೆ. ಎಳೆಗಳೇ ತುಂಡಾಗಿದ್ದರೆ ಬೆಳಕಿನ ಮಿಡಿತವನ್ನು ಕಳಿಸಿ, ಹಿಂದಿರುಗುವ ಹೊಳಪು ಎಲ್ಲಿಗೆ ನಿಲ್ಲುತ್ತದೆ ಎಂದು ನೋಡುತ್ತೇವೆ.

ಈಗ ಹಡಗಿನ ಸರದಿ. ಒಂದೆರಡು ಬಾರಿ ಕೇಬಲ್ ಮಾಲೀಕರ ಕಡೆಯವನಾಗಿ ದುರಸ್ತಿ ಹಡಗಿನಲ್ಲಿ ಹೋಗಿದ್ದೆ. ಹೊಸಬರಿಗೆ ವಿಚಿತ್ರವೆನಿಸುವುದು ಇದು: ಆಳದಲ್ಲಿ ಬರೀ ಗಾಯಗೊಂಡ ಕೇಬಲ್ಲನ್ನು ಸರಿಪಡಿಸಬೇಕಾದರೆ ಮೊದಲು ಅದನ್ನು ನಾವೇ ಪೂರ್ತಿ ಕತ್ತರಿಸಬೇಕು. ಹಾಸುವಾಗ ತಳದ ಏರುತಗ್ಗಿಗೆ ಹೊಂದಲಿ ಎಂದು ನೂರಕ್ಕೆ ಎರಡು ಮೂರರಷ್ಟು ಸಡಿಲ ಬಿಟ್ಟಿರುತ್ತಾರೆ, ಅಷ್ಟೆ. ಮೂರು ಕಿಲೋಮೀಟರ್ ಆಳದಿಂದ ಹಾಗೇ ಮೇಲೆತ್ತಲು ಅದು ಸಾಲದು, ಎತ್ತಿದರೆ ಎಲ್ಲಿ ಬೇಕಾದರಲ್ಲಿ ಹರಿಯುತ್ತದೆ.

ಆದ್ದರಿಂದ ಕತ್ತರಿಸುವ ಅಲಗಿರುವ ಕೊಕ್ಕೆಯನ್ನು ಕೇಬಲ್ ದಾರಿಗೆ ಅಡ್ಡಲಾಗಿ ನಿಧಾನವಾಗಿ ಎಳೆಯುತ್ತಾರೆ. ಎಲ್ಲರ ಕಣ್ಣೂ ಹಗ್ಗದ ಬಿಗಿತ ತೋರಿಸುವ ಮಾಪಕದ ಮೇಲೆ. ಬಿಗಿತ ಒಂದೇ ಸಮನೆ ಏರಿ ಥಟ್ಟನೆ ಇಳಿದರೆ ಕೇಬಲ್ ತುಂಡಾಯಿತೆಂದು ಲೆಕ್ಕ. ಬರೀ ಜಗ್ಗಾಡಿದರೆ ಕಲ್ಲೋ ಮಣ್ಣೋ. ಆಮೇಲೆ ಹಿಡಿಯುವ ಕೊಕ್ಕೆಯಿಂದ ಒಂದು ತುದಿಯನ್ನು ಎತ್ತಿ, ದಡದವರೆಗೂ ಅದು ಚೆನ್ನಾಗಿದೆಯೇ ಎಂದು ಪರೀಕ್ಷಿಸಿ, ತುದಿಗೆ ಮುಚ್ಚಳ ಹಾಕಿ, ತೇಲುಬುರುಡೆಗೆ ಕಟ್ಟಿ ಬಿಡುತ್ತಾರೆ. ಇನ್ನೊಂದು ತುದಿಯನ್ನು ಎತ್ತಿ, ಕೆಟ್ಟ ಭಾಗವನ್ನು ಕಡಿದುಹಾಕಿ, ಹಡಗಿನಲ್ಲಿರುವ ಹೊಸ ಕೇಬಲ್ಲನ್ನು ಅದಕ್ಕೆ ಬೆಸೆಯುತ್ತಾರೆ. ಅದನ್ನು ಹಾಸುತ್ತಾ ತೇಲುಬುರುಡೆಯತ್ತ ಬಂದು ಕೊನೆಯ ಬೆಸುಗೆ ಹಾಕುತ್ತಾರೆ. ಗಾಜಿನ ಎಳೆ ಕೂಡಿಸುವುದಕ್ಕೆ ಹೆಚ್ಚು ಹೊತ್ತು ಬೇಡ. ಉಕ್ಕಿನ ಹಿಡಿತ, ತಾಮ್ರ, ಕರಗಿಸಿ ಅಚ್ಚು ಹಾಕುವ ಪಾಲಿಥಿನ್ ಇವೆಲ್ಲ ಮುಗಿಯುವಾಗ ಒಂದು ಬೆಸುಗೆಗೆ ಹತ್ತಿರ ಹತ್ತಿರ ಒಂದು ದಿನ ಹಿಡಿಯುತ್ತದೆ. ಅಚ್ಚಿನೊಳಗೆ ಗಾಳಿಗುಳ್ಳೆ ಉಳಿದಿದೆಯೇ ಎಂದು ಎಕ್ಸ್‌ರೇ ತೆಗೆದು ನೋಡುತ್ತಾರೆ. ಇದ್ದರೆ ಅಚ್ಚು ಒಡೆದು ಮತ್ತೆ ಮೊದಲಿನಿಂದ.

ಎರಡೂ ತುದಿ ಮೇಲೆ ಬಂದಿರುವುದರಿಂದ ಆಳದ ಎರಡರಷ್ಟಾದರೂ ಉದ್ದವನ್ನು ಹೊಸದಾಗಿ ಸೇರಿಸಬೇಕಾಗುತ್ತದೆ. ಮೂರು ಕಿಲೋಮೀಟರ್ ಆಳವಿದ್ದರೆ ಆರು ಕಿಲೋಮೀಟರ್ ಮೇಲಾಯಿತು. ಆ ಹೆಚ್ಚುವರಿ ಭಾಗ ಹಳೆಯ ದಾರಿಯ ಪಕ್ಕಕ್ಕೆ ಬಾಗಿ ಮಲಗುತ್ತದೆ. ಅದರ ಹೊಸ ಸ್ಥಾನವನ್ನು ನಕ್ಷೆಗೆ ಸೇರಿಸದಿದ್ದರೆ ಮುಂದಿನ ಸಲ ಕೊಕ್ಕೆ ಎಳೆಯುವವರು ಖಾಲಿ ನೆಲವನ್ನು ಕೆದಕುತ್ತಿರುತ್ತಾರೆ.

ಹವೆ ಚೆನ್ನಾಗಿದ್ದರೆ ಇದಿಷ್ಟೂ ಒಂದೆರಡು ವಾರದ ಕೆಲಸ. ಪತ್ರಿಕೆಗಳು ತಿಂಗಳುಗಳ ಲೆಕ್ಕ ಕೊಡುವುದು ಸಮುದ್ರದ ಕಾರಣಕ್ಕಲ್ಲ. ಹಡಗು ಬೇರೆ ಕೆಲಸದಲ್ಲಿರುತ್ತದೆ, ಮತ್ತು ಯಾವ ದೇಶದ ನೀರಿನಲ್ಲಿ ಕೆಲಸವೋ ಆ ದೇಶದ ಅನುಮತಿ ಬೇಕು. ರೂಬಿಮಾರ್ ಕತ್ತರಿಸಿದ ಮೂರೂ ಕೇಬಲ್‌ಗಳಿದ್ದದ್ದು ಯೆಮೆನ್‌ನ ನೀರಿನಲ್ಲಿ. ಆ ದೇಶದಲ್ಲಿ ಏಡನ್‌ನಲ್ಲೊಂದು ಸರ್ಕಾರ, ಸನಾದಲ್ಲಿ ಹೌತಿಗಳ ಆಡಳಿತ. ಕ್ಷಿಪಣಿ ಹಾರುವ ಜಾಗದಲ್ಲಿ ದುರಸ್ತಿ ಹಡಗು ದಿನಗಟ್ಟಲೆ ಆಮೆಯ ವೇಗದಲ್ಲಿ ಓಡಾಡಬೇಕು, ಅದಕ್ಕೆ ವಿಮೆ ಯಾರು ಕೊಡುತ್ತಾರೆ? ಏಡನ್ ಸರ್ಕಾರ ಮೊದಲು ಸೀಕಾಂ ಮತ್ತು ಇಐಜಿಗೆ ಮಾತ್ರ ಒಪ್ಪಿಗೆ ಕೊಟ್ಟು ಎಎಇ-1ರ ಕಡತವನ್ನು ತಡೆಹಿಡಿಯಿತು. ಫೆಬ್ರುವರಿಯಲ್ಲಿ ಹರಿದ ಆ ಕೇಬಲ್ ಮತ್ತೆ ಕೆಲಸ ಶುರು ಮಾಡಿದ್ದು ಜುಲೈನಲ್ಲಿ.